ಸಸ್ತಾ ಗೋಲಿಯ ನಾಚಿಕೆ

ಕಳೆದ ವರ್ಷ ಒಂದು ಮದುವೆ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ನಮ್ಮ ಜಮಾತಿನ ಹಿರಿಯರೊಬ್ಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. ಅವರ ದನಿಯಲ್ಲಿ ಸಿಟ್ಟಿಗಿಂತ ಮರುಕ ಹೆಚ್ಚಿತ್ತು. "ನಿಮ್ಮ ಖಾಲಾಗೆ ಸಸ್ತಾ ಗೋಲಿ ತಂದು ಕೊಡ್ತಿದ್ದೀರಂತೆ? ಕಥೆ ಬರೆದು ಹೆಸರು ಮಾಡಿದವರು ನೀವು. ಹತ್ತು ಜನ ಸೇರಿ ಕೈಹಾಕಿದ್ರೆ ಒಳ್ಳೆ ಕಂಪೆನಿ ದವಾ ತರೋಕೆ ಆಗಲ್ವಾ?" ಎಂದರು. ನಾನು ಏನೋ ಗೊಣಗಿ ಬಂದೆ. ಆದರೆ ಆ ಮಾತು ಬಿರಿಯಾನಿಗಿಂತ ಹೆಚ್ಚು ಹೊತ್ತು ಹೊಟ್ಟೆಯಲ್ಲಿ ಉಳಿಯಿತು. ಅಂದು ಅವರಿಗೆ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರೊಬ್ಬರಿಗಲ್ಲ, ಅಗ್ಗ ಎಂದರೆ ಕಳಪೆ ಎಂದು ನಂಬಿರುವ ನಮ್ಮೆಲ್ಲರಿಗೂ.

ಖಾಲಾಗೆ ಅರವತ್ತೊಂದು ವರ್ಷ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ಅದರ ಬೆನ್ನಿಗೆ ಬಿ.ಪಿ., ಅದರ ಬೆನ್ನಿಗೆ ಕೊಲೆಸ್ಟರಾಲ್. ಖಾಲೂ ತೀರಿಕೊಂಡ ಮೇಲೆ ಮಗನ ಲಗೇಜ್ ಆಟೋ ಮತ್ತು ತಾಯಿಯ ಸೀರೆ ಕುಚ್ಚು, ಇವೆರಡೇ ಆ ಮನೆಯ ಆದಾಯ. ಒಂದು ಸೀರೆಗೆ ಕುಚ್ಚು ಕಟ್ಟಿದರೆ ಅಂಗಡಿಯವರು ಎಂಬತ್ತು ರೂಪಾಯಿ ಕೊಡುತ್ತಾರೆ. ಈ ಎಂಬತ್ತು ರೂಪಾಯಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2024ರ ಜೂನ್ ತಿಂಗಳ ಅವರ ಔಷಧದ ಬಿಲ್ಲು ನನ್ನ ಬಳಿ ಇದೆ. ಚೀಟಿಯಲ್ಲಿ ನಾಲ್ಕು ಮಾತ್ರೆಗಳಿದ್ದವು. ಮೊದಲನೆಯದು ಗ್ಲಿಮೆಪಿರೈಡ್ ಒಂದು ಮಿಲಿಗ್ರಾಂ ಮತ್ತು ಮೆಟ್‌ಫಾರ್ಮಿನ್ ಐನೂರು ಮಿಲಿಗ್ರಾಂ ಸೇರಿದ ಸಕ್ಕರೆ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ತಿಂಗಳಿಗೆ ಅರವತ್ತು. ಹದಿನೈದರ ಪಟ್ಟಿಗೆ 128 ರೂಪಾಯಿಯಂತೆ ನಾಲ್ಕು ಪಟ್ಟಿಗೆ 512. ಎರಡನೆಯದು ಬಿ.ಪಿ.ಗೆ ಟೆಲ್ಮಿಸಾರ್ಟನ್ ನಲವತ್ತು ಮಿಲಿಗ್ರಾಂ, ದಿನಕ್ಕೊಂದರಂತೆ ಮೂವತ್ತು, 220 ರೂಪಾಯಿ. ಮೂರನೆಯದು ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್ ಹತ್ತು ಮಿಲಿಗ್ರಾಂ, 180 ರೂಪಾಯಿ. ನಾಲ್ಕನೆಯದು ಆ ವರ್ಷ ಹೊಸದಾಗಿ ಸೇರಿಸಿದ ಸಿಟಾಗ್ಲಿಪ್ಟಿನ್ ನೂರು ಮಿಲಿಗ್ರಾಂ, ಹತ್ತಕ್ಕೆ 182ರಂತೆ ಮೂವತ್ತಕ್ಕೆ 546. ಒಟ್ಟು 1,458 ರೂಪಾಯಿ. ಖಾಲಾನ ಲೆಕ್ಕದಲ್ಲಿ ಹೇಳುವುದಾದರೆ ಹದಿನೆಂಟು ಸೀರೆ. ಸಕ್ಕರೆ ಕಾಯಿಲೆ ಕೈ ಹಾಕುವ ಕಣ್ಣಿನಿಂದಲೇ ಹದಿನೆಂಟು ಸೀರೆಗೆ ಕುಚ್ಚು ಕಟ್ಟಿ, ಆ ಕಣ್ಣು ಉಳಿಸಿಕೊಳ್ಳುವ ಮಾತ್ರೆ ಕೊಳ್ಳಬೇಕು.

ಅದೇ ಚೀಟಿ ಹಿಡಿದು ಜುಲೈಯಲ್ಲಿ ನಾನು ಜನೌಷಧಿ ಕೇಂದ್ರಕ್ಕೆ ಹೋದೆ. ಮೊದಲ ಮಾತ್ರೆ ಹತ್ತಕ್ಕೆ 14ರಂತೆ ಅರವತ್ತಕ್ಕೆ 84 ರೂಪಾಯಿ. ಟೆಲ್ಮಿಸಾರ್ಟನ್ ಹತ್ತಕ್ಕೆ 12ರಂತೆ ಮೂವತ್ತಕ್ಕೆ 36. ಅಟೋರ್ವಾಸ್ಟಾಟಿನ್ 27. ಸಿಟಾಗ್ಲಿಪ್ಟಿನ್ ಹತ್ತಕ್ಕೆ ನೂರರಂತೆ 300. ಒಟ್ಟು 447 ರೂಪಾಯಿ, ಆರು ಸೀರೆಯೂ ಬೇಡ. ತಿಂಗಳಿಗೆ ಉಳಿದದ್ದು 1,011, ವರ್ಷಕ್ಕೆ 12,132. ನೂರೈವತ್ತೊಂದು ಸೀರೆಗಳ ಕುಚ್ಚು.

ಲೆಕ್ಕವನ್ನು ನನಗೆ ಬೇಕಾದಂತೆ ತಿರುಚಿದೆ ಎಂಬ ಮಾತು ಬಾರದಿರಲಿ. ಹಳೇ ಮೆಡಿಕಲ್ ಅಂಗಡಿಯವರು ಒಮ್ಮೊಮ್ಮೆ ಶೇಕಡಾ ಹತ್ತು ಬಿಡುತ್ತಿದ್ದರು. ಅದನ್ನು ಪ್ರತಿ ತಿಂಗಳೂ ಬಿಟ್ಟರೆಂದೇ ಇಟ್ಟುಕೊಂಡರೂ ವರ್ಷಕ್ಕೆ ಹತ್ತು ಸಾವಿರದ ಮುನ್ನೂರು ಚಿಲ್ಲರೆ ಉಳಿಯುತ್ತದೆ. ಕೇಂದ್ರ ನಮ್ಮ ಮೊಹಲ್ಲಾದಿಂದ ದೂರ. ಹೋಗಿ ಬರುವ ಆಟೋಗೆ ತಿಂಗಳಿಗೆ ಅರವತ್ತು ರೂಪಾಯಿ ಅಂದರೆ ವರ್ಷಕ್ಕೆ 720, ಅದನ್ನೂ ಕಳೆಯಿರಿ. 2025ರ ಸೆಪ್ಟೆಂಬರಿನಲ್ಲಿ ಔಷಧಗಳ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದ ಮೇಲೆ ಬೆಲೆಗಳು ಸ್ವಲ್ಪ ಕದಲಿವೆ, ಆದರೆ ಅಂತರ ಮುಚ್ಚುವಷ್ಟಲ್ಲ. ನಾಲ್ಕನೆಯ ಮಾತ್ರೆಯಲ್ಲಿ ಉಳಿತಾಯ ಉಳಿದವುಗಳಷ್ಟು ದೊಡ್ಡದಲ್ಲ ಎಂಬುದನ್ನೂ ನೀವು ಗಮನಿಸಿರಬಹುದು. ಅದರ ಹಿಂದೊಂದು ಕತೆಯಿದೆ. ಸಿಟಾಗ್ಲಿಪ್ಟಿನ್ ಮೇಲಿನ ಪೇಟೆಂಟ್ ಮುಗಿದದ್ದು 2022ರ ಜುಲೈಯಲ್ಲಿ. ಅದಕ್ಕೂ ಮೊದಲು ಒಂದು ಮಾತ್ರೆಗೆ ನಲವತ್ತು ರೂಪಾಯಿಯ ಆಸುಪಾಸು ಇತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜನೌಷಧಿಯಲ್ಲಿ ನೂರು ಮಿಲಿಗ್ರಾಂನ ಮಾತ್ರೆ ಹತ್ತು ರೂಪಾಯಿಗೆ ಬಂತು. ಬೇರೆ ಕಂಪೆನಿಗಳೂ ನುಗ್ಗಿದ ಕಾರಣ ಬ್ರ್ಯಾಂಡಿನ ಬೆಲೆಯೇ ಅರ್ಧಕ್ಕಿಂತ ಕೆಳಗಿಳಿಯಿತು. 2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಇನ್ನೊಂದು ಸಕ್ಕರೆ ಮಾತ್ರೆಯ ಪೇಟೆಂಟ್ ಮುಗಿದಾಗಲೂ ಇದೇ ಆಯಿತು. ಅರವತ್ತರ ಮಾತ್ರೆ ಹದಿನೈದಕ್ಕೂ, ಹತ್ತಕ್ಕೂ, ಅದಕ್ಕಿಂತ ಕಡಿಮೆಗೂ ಸಿಗತೊಡಗಿತು. ಒಂದು ವಾರದ ಹಿಂದೆ ಅರವತ್ತಕ್ಕೆ ಮಾರುತ್ತಿದ್ದದ್ದರಲ್ಲಿ ಔಷಧದ ಖರ್ಚೆಷ್ಟು, ಹಕ್ಕಿನ ಖರ್ಚೆಷ್ಟು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಈಗ ಹಿರಿಯರ ಪ್ರಶ್ನೆಗೆ ಬರೋಣ: ಒಳ್ಳೆ ಕಂಪೆನಿ.

ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಆಳವಾಗಿ ಬೇರು ಬಿಟ್ಟಿದೆ. ದುಬಾರಿಯದು ಅಸಲಿ, ಅಗ್ಗದ್ದು ನಕಲು ಎಂದು. ಟೆಲ್ಮಿಸಾರ್ಟನ್ನಿನ ಮೇಲೆ, ಮೆಟ್‌ಫಾರ್ಮಿನ್ನಿನ ಮೇಲೆ, ಅಟೋರ್ವಾಸ್ಟಾಟಿನ್ನಿನ ಮೇಲೆ ಇಂದು ಯಾರ ಪೇಟೆಂಟೂ ಇಲ್ಲ. ಅಂದರೆ ಖಾಲಾ ಇಷ್ಟು ವರ್ಷ ಹೆಚ್ಚು ಹಣ ಕೊಟ್ಟು ಕೊಂಡದ್ದೂ ಜನರಿಕ್ ಮಾತ್ರೆಯೇ. ಅದಕ್ಕೊಂದು ಹೆಸರಿಟ್ಟು, ಬಣ್ಣದ ಡಬ್ಬಿ ಹಾಕಿ, ಬ್ಯಾಗು ಹಿಡಿದ ಹುಡುಗರನ್ನು ಡಾಕ್ಟರರ ಬಾಗಿಲಿಗೆ ಕಳಿಸಿದ್ದಾರೆ, ಅಷ್ಟೆ. ನಿಮ್ಮ ಮನೆಯ ಯಾವುದಾದರೂ ಪಟ್ಟಿಯನ್ನು ತಿರುಗಿಸಿ ನೋಡಿ. ದೊಡ್ಡ ಹೆಸರಿನ ಮುಂದೆ 'ಮಾರ್ಕೆಟೆಡ್ ಬೈ' ಎಂದಿರುತ್ತದೆ. ಅದರ ಹತ್ತಿರವೇ ಇರುವೆಯಂಥ ಅಕ್ಷರದಲ್ಲಿ 'ಮ್ಯಾನುಫ್ಯಾಕ್ಚರ್ಡ್ ಬೈ' ಎಂದು ನೀವು ಎಂದೂ ಕೇಳಿರದ ಕಾರ್ಖಾನೆಯ ಹೆಸರಿರಬಹುದು. ಬಹಳಷ್ಟು ಸಲ ಅದು ಹಿಮಾಚಲದ ಬದ್ದಿಯದೋ, ಉತ್ತರಾಖಂಡದ್ದೋ ಆಗಿರುತ್ತದೆ. ಒಂದೇ ಕಾರ್ಖಾನೆ ಹಗಲು ಬ್ರ್ಯಾಂಡಿಗೂ ರಾತ್ರಿ ಜನರಿಕ್‌ಗೂ ಮಾತ್ರೆ ಒತ್ತುವುದು ಈ ಉದ್ಯಮದಲ್ಲಿ ಗುಟ್ಟೇನಲ್ಲ.

ಹಾಗಾದರೆ ಗುಣಮಟ್ಟದ ಭಯ ಪೂರ್ತಿ ಸುಳ್ಳೇ? ಇಲ್ಲ. ಕಳಪೆ ಔಷಧ ಈ ದೇಶದಲ್ಲಿದೆ. ಆದರೆ ಅದು ಬೆಲೆ ನೋಡಿ ಬರುವುದಿಲ್ಲ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಪರೀಕ್ಷೆಯಲ್ಲಿ ಸೋತ ಔಷಧಗಳ ಪಟ್ಟಿ ಹೊರಡಿಸುತ್ತದೆ. 2024ರ ಆಗಸ್ಟ್ ತಿಂಗಳ ಪಟ್ಟಿ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. ಐವತ್ತರಷ್ಟು ಔಷಧಗಳಿದ್ದವು, ಟೆಲ್ಮಿಸಾರ್ಟನ್, ಗ್ಲಿಮೆಪಿರೈಡ್ ಎರಡೂ ಅದರಲ್ಲಿದ್ದವು, ಹೆಸರಾಂತ ಬ್ರ್ಯಾಂಡುಗಳೂ ಇದ್ದವು. ಕೆಲವು ಕಂಪೆನಿಗಳು ಅದು ನಮ್ಮ ಮಾಲಲ್ಲ, ನಮ್ಮ ಹೆಸರಿನಲ್ಲಿ ಯಾರೋ ಮಾಡಿದ ನಕಲಿ ಎಂದವು. ಇರಬಹುದು. ಆದರೆ ನಕಲು ಮಾಡುವವನು ಯಾವುದನ್ನು ನಕಲು ಮಾಡುತ್ತಾನೆ ಹೇಳಿ? ಹನ್ನೆರಡು ರೂಪಾಯಿಯ ಪಟ್ಟಿಯನ್ನೋ, ನೂರಹತ್ತು ರೂಪಾಯಿಯದನ್ನೋ?

ಸರಕಾರ ಬೆಲೆಗೆ ಮಿತಿ ಹಾಕಿಲ್ಲವೇ ಎಂದು ಕೇಳುವವರಿದ್ದಾರೆ. ಹಾಕಿದೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳಿಗೆ ಗರಿಷ್ಠ ಬೆಲೆ ಇದೆ. ಆದರೆ ಆ ಬೆಲೆಯನ್ನು ಕಟ್ಟುವ ರೀತಿಯಲ್ಲೇ ಮೋಜಿದೆ. 1995ರ ಆದೇಶದ ಪ್ರಕಾರ ಮಾತ್ರೆ ತಯಾರಿಸಲು ತಗಲುವ ಖರ್ಚಿನ ಮೇಲೆ ಬೆಲೆ ನಿಗದಿಯಾಗುತ್ತಿತ್ತು. 2013ರ ಆದೇಶ ಅದನ್ನು ಕೈಬಿಟ್ಟು, ಮಾರುಕಟ್ಟೆಯಲ್ಲಿ ಶೇಕಡಾ ಒಂದು ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಎಲ್ಲ ಬ್ರ್ಯಾಂಡುಗಳ ಬೆಲೆಯ ಸರಾಸರಿ ತೆಗೆದು, ಅಂಗಡಿಯವನಿಗೆ ಶೇಕಡಾ ಹದಿನಾರು ಸೇರಿಸು ಎಂದಿತು. ದುಬಾರಿ ಮಾರುವವರ ಬೆಲೆಗಳನ್ನೇ ಕೂಡಿಸಿ ಭಾಗಿಸಿದರೆ ಬರುವುದೂ ದುಬಾರಿಯೇ. ಇದರ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಿಸಲು ಅನುಮತಿ ಇದೆ. 2022ರಲ್ಲಿ ಶೇಕಡಾ ಹತ್ತೂ ಮುಕ್ಕಾಲು, 2023ರಲ್ಲಿ ಶೇಕಡಾ ಹನ್ನೆರಡು ಏರಿತು. ಆ ಎರಡು ವರ್ಷಗಳಲ್ಲಿ ಕುಚ್ಚಿನ ಕೂಲಿ ಎಪ್ಪತ್ತರಿಂದ ಎಂಬತ್ತಕ್ಕೆ ಬರಲು ಖಾಲಾ ಅಂಗಡಿಯವನ ಜೊತೆ ಎಷ್ಟು ಜಗಳವಾಡಿದ್ದರೋ ನನಗೆ ಗೊತ್ತು.

ಇನ್ನು ಡಾಕ್ಟರರ ಪೆನ್ನಿನ ವಿಚಾರ. ವೈದ್ಯರು ಔಷಧದ ಮೂಲ ಹೆಸರನ್ನೇ ಬರೆಯಬೇಕು ಎಂಬ ನಿಯಮ 2002ರಿಂದಲೂ ಇದೆ. ಆಗ ಅದರಲ್ಲಿ 'ಸಾಧ್ಯವಾದ ಮಟ್ಟಿಗೆ' ಎಂಬ ಬಾಗಿಲು ತೆರೆದಿತ್ತು. 2016ರಲ್ಲಿ ಆ ಬಾಗಿಲು ಮುಚ್ಚಿ, ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದರು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ತಂದು, ಬರೆಯದಿದ್ದರೆ ಶಿಕ್ಷೆ ಎಂದಿತು. ವೈದ್ಯರ ಸಂಘ ಎದ್ದು ನಿಂತಿತು. ತಿಂಗಳು ತುಂಬುವ ಮೊದಲೇ ಆ ನಿಯಮಾವಳಿಯನ್ನು ತಡೆಹಿಡಿಯಲಾಯಿತು. ವೈದ್ಯರ ವಾದದಲ್ಲಿ ಒಂದು ಮಾತನ್ನು ನಾನು ಒಪ್ಪುತ್ತೇನೆ: ಮೂಲ ಹೆಸರು ಬರೆದರೆ ಯಾವ ಕಂಪೆನಿಯ ಮಾತ್ರೆ ಕೊಡಬೇಕೆಂಬ ಆಯ್ಕೆ ಅಂಗಡಿಯವನ ಕೈಗೆ ಹೋಗುತ್ತದೆ, ಅವನು ತನಗೆ ಲಾಭ ಹೆಚ್ಚಿರುವುದನ್ನೇ ಕೊಡುತ್ತಾನೆ. ನಿಜ. ಆದರೆ ಈಗ ಆ ಆಯ್ಕೆ ಯಾರ ಕೈಯಲ್ಲಿದೆ, ಅದು ಯಾವ ತಕ್ಕಡಿಯಲ್ಲಿ ತೂಗುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ನಮ್ಮ ಕಾನೂನಿನ ಚೋದ್ಯ ನೋಡಿ: ಚೀಟಿಯಲ್ಲಿ ಬ್ರ್ಯಾಂಡ್ ಬರೆದಿದ್ದರೆ ಅದೇ ಔಷಧದ ಅಗ್ಗದ ಮಾತ್ರೆಯನ್ನು ಬದಲಿಗೆ ಕೊಡುವಂತಿಲ್ಲ ಎಂದು ಅಂಗಡಿಯವನ ಕೈ ಕಟ್ಟಿದ್ದಾರೆ. ಬರೆಯುವ ಕೈಯನ್ನು ಮಾತ್ರ ಬಿಟ್ಟಿದ್ದಾರೆ.

ಹಾಗಾಗಿ ಕೇಳಬೇಕಾದದ್ದು ಡಾಕ್ಟರರನ್ನೇ, ಅದೂ ಚೀಟಿ ಬರೆಯುವ ಮೊದಲು. ಖಾಲಾ ಕೇಳಲಿಲ್ಲ, ನಾನು ಕೇಳಿದೆ. "ಸರ್, ಒಳಗಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಅಂತ ಬರೆದುಕೊಡಿ, ನಾವು ಜನೌಷಧಿಯಲ್ಲಿ ತಗೊಳ್ತೀವಿ." ಡಾಕ್ಟರ್ ಕನ್ನಡಕದ ಮೇಲಿಂದ ನೋಡಿದರು. "ತಗೊಳ್ಳಿ, ನಂದೇನೂ ತಕರಾರಿಲ್ಲ. ಕಂಟ್ರೋಲ್‌ಗೆ ಬರದಿದ್ರೆ ಮಾತ್ರ ನನ್ನನ್ನ ಕೇಳಬೇಡಿ" ಎಂದು ಬರೆದುಕೊಟ್ಟರು. ಆ ಕೊನೆಯ ಮಾತು ಖಾಲಾನ ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ನಿಜವಾಗಿ ಆದದ್ದು ಇದು. ಮಾತ್ರೆ ಬದಲಾಯಿಸಿದ ಹತ್ತನೇ ದಿನ, ಮಧ್ಯಾಹ್ನದ ಊಟ ತಡವಾಗಿತ್ತು. ಖಾಲಾಗೆ ಕೈಕಾಲು ನಡುಗಿ, ಮೈ ಬೆವೆತು, ಕಣ್ಣು ಕತ್ತಲೆ ಬಂತು. ಮಗ ನನಗೆ ಫೋನು ಮಾಡಿ, "ಭಾಯಿ, ನಿಮ್ಮ ಡೂಪ್ಲಿಕೇಟ್ ಗೋಲಿಯಿಂದ ಅಮ್ಮಿ ಹೋಗಿಬಿಡ್ತಿದ್ರು" ಎಂದ. ನಾನು ಓಡಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಸಕ್ಕರೆ ನೀರು ಕುಡಿಸಿದ್ದರು, ಖಾಲಾ ಎದ್ದು ಕೂತಿದ್ದರು. ಸಕ್ಕರೆ ನೀರಿಗೂ ಮೊದಲು ಆ ಮನೆಯ ಹುಡುಗಿ ಯಂತ್ರದಲ್ಲಿ ನೋಡಿದಾಗ 58 ತೋರಿಸಿತ್ತಂತೆ. ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಅಪಾಯ.

ಕೆಲಸ ಮಾಡದ ಮಾತ್ರೆಯಿಂದ ಸಕ್ಕರೆ ಏರಬೇಕೇ ಹೊರತು ಇಳಿಯಬಾರದು. ನಾನು ಖಾಲಾನ ಎದುರು ಕೂತು ನಿಧಾನವಾಗಿ ಕೇಳಿದೆ. "ಖಾಲಾ, ಸಿಟ್ಟಾಗಬೇಡಿ. ಹಳೇ ಗೋಲಿ ದಿನಕ್ಕೆ ಎಷ್ಟು ತಗೊಳ್ತಿದ್ರಿ?" ಬಹಳ ಹೊತ್ತು ದುಪಟ್ಟಾದ ಅಂಚು ಸುತ್ತುತ್ತಾ ಕೂತಿದ್ದವರು ಹೇಳಿದರು: "ಬೆಳಿಗ್ಗೆದು ಮಾತ್ರ ಬೇಟಾ. ರಾತ್ರಿದು ಬಿಡ್ತಿದ್ದೆ. ತಿಂಗಳ ಕೊನೇಲಿ ಅದೂ ಒಂದು ದಿನ ಬಿಟ್ಟು ಒಂದು ದಿನ. ಈಗ ಸಸ್ತಾ ಸಿಗುತ್ತಲ್ಲ ಅಂತ ಎರಡೂ ಹೊತ್ತು ತಗೊಂಡೆ."

ಅಲ್ಲಿಗೆ ಎಲ್ಲ ಬಿಡಿಸಿಕೊಂಡಿತು. ದುಬಾರಿ ಮಾತ್ರೆಯನ್ನು ಅರ್ಧ ತಿಂದರು. ಸಕ್ಕರೆ ಹತೋಟಿಗೆ ಬರಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.4 ಬಂತು. ಡಾಕ್ಟರ್ ಅದನ್ನು ನೋಡಿ, ಇಷ್ಟು ಕೊಟ್ಟರೂ ಇಳಿಯುತ್ತಿಲ್ಲವಲ್ಲ ಎಂದು 546 ರೂಪಾಯಿಯ ನಾಲ್ಕನೇ ಮಾತ್ರೆ ಸೇರಿಸಿದರು. ಅದಕ್ಕೆ ದುಡ್ಡು ಹೊಂದಿಸಲು ಖಾಲಾ ಮೊದಲಿನ ಮೂರನ್ನು ಇನ್ನಷ್ಟು ಕತ್ತರಿಸಿದರು. ಬೆಲೆಯೇ ಕಾಯಿಲೆಯನ್ನು ಬೆಳೆಸಿತು, ಬೆಳೆದ ಕಾಯಿಲೆ ಬಿಲ್ಲನ್ನು ಬೆಳೆಸಿತು. ಡಾಕ್ಟರ್ "ಮಾತ್ರೆ ತಗೊಳ್ತಿದ್ದೀರಾ?" ಎಂದು ಕೇಳಿದ್ದರು, ಖಾಲಾ "ಹೂಂ" ಎಂದಿದ್ದರು. ಅರ್ಧ ತಗೊಳ್ತಿದ್ದೇನೆ ಎಂದು ಒಪ್ಪಿಕೊಳ್ಳುವುದೆಂದರೆ ದುಡ್ಡಿಲ್ಲ ಎಂದು ಒಪ್ಪಿಕೊಂಡಂತೆ. ನಮ್ಮ ಹೆಂಗಸರು ಅದನ್ನು ಯಾವ ಡಾಕ್ಟರರ ಎದುರೂ ಹೇಳುವುದಿಲ್ಲ. ಮದುವೆ ಮನೆಯ ಹಿರಿಯರೇ, ಆ 'ಒಳ್ಳೆ ಕಂಪೆನಿ'ಯ ಮಾತ್ರೆ ನನ್ನ ಖಾಲಾಗೆ ಮಾಡಿದ ಉಪಕಾರ ಇದು.

ಮರುದಿನವೇ ಡಾಕ್ಟರರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ರಾತ್ರಿಯ ಮಾತ್ರೆಯಿಂದ ಗ್ಲಿಮೆಪಿರೈಡ್ ತೆಗೆದು ಬರೀ ಮೆಟ್‌ಫಾರ್ಮಿನ್ ಮಾಡಿದರು. ಊಟಕ್ಕೆ ತಡ ಮಾಡಬೇಡಿ, ರೋಜಾ ಹಿಡಿಯುವ ಮೊದಲು ತಪ್ಪದೆ ಬಂದು ತೋರಿಸಿ ಎಂದರು. ಮೂರು ತಿಂಗಳು ಬಿಟ್ಟು ಮಾಡಿಸಿದ ಪರೀಕ್ಷೆಯಲ್ಲಿ 9.4 ಇದ್ದದ್ದು 7.5ಕ್ಕೆ ಬಂತು. ಕೆಂಪು ರಕ್ತಕಣದ ಆಯುಷ್ಯವೇ ಸುಮಾರು 120 ದಿನವಾದ್ದರಿಂದ ಅದಕ್ಕಿಂತ ಬೇಗ ಈ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ನಾಲ್ಕನೇ ಮಾತ್ರೆಯನ್ನು ಇನ್ನೂ ಬಿಡಿಸಿಲ್ಲ, ನೋಡೋಣ ಎಂದಿದ್ದಾರೆ. ಒಬ್ಬರ ರಕ್ತದ ಲೆಕ್ಕ ಹಿಡಿದು ಜನರಿಕ್ ಗೆದ್ದಿತು ಎಂದು ನಾನು ಡಂಗುರ ಹೊಡೆಯುವುದಿಲ್ಲ. ಇಲ್ಲಿ ಗೆದ್ದದ್ದು ಪೂರ್ತಿ ನುಂಗಿದ ಮಾತ್ರೆ. ಆದರೆ ಅದನ್ನು ಪೂರ್ತಿ ನುಂಗಲು ಸಾಧ್ಯವಾದದ್ದು ಅದರ ಬೆಲೆಯಿಂದ.

ಈ ನಡುಕದ ಪ್ರಸಂಗವನ್ನು ಇಷ್ಟು ಬಿಡಿಸಿ ಬರೆದದ್ದಕ್ಕೆ ಕಾರಣವಿದೆ. ಬದಲಾಯಿಸುವಾಗ ಎಡವುವ ಜಾಗಗಳಿವೆ, ಮತ್ತು ಎಡವಿದರೆ ದೂರು ಮಾತ್ರೆಯ ಮೇಲೆ ಬರುತ್ತದೆ. ಅಂಗಡಿಯಲ್ಲಿ ಹೆಸರೊಂದು ಹೊಂದಿದರೆ ಸಾಲದು. ಮಿಲಿಗ್ರಾಂ ಹೊಂದಬೇಕು, ಹೆಸರಿನ ಬಾಲದಲ್ಲಿರುವ ಅಕ್ಷರಗಳೂ ಹೊಂದಬೇಕು. ಮೆಟ್‌ಫಾರ್ಮಿನ್ನಿನ ಮುಂದೆ ಎಸ್.ಆರ್. ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ, ಪಿ.ಆರ್., ಇ.ಆರ್. ಎಂದಿದ್ದರೂ ಅದೇ ಜಾತಿ. ಏನೂ ಇಲ್ಲದ್ದು ಬೇರೆ. ಟೆಲ್ಮಿಸಾರ್ಟನ್ನಿನ ಮುಂದೆ ಎಚ್ ಅಥವಾ ಎ.ಎಂ. ಎಂದಿದ್ದರೆ ಅದರೊಳಗೆ ಇನ್ನೊಂದು ಔಷಧ ಸೇರಿದೆ ಎಂದರ್ಥ. ಇನ್ನೂ ದೊಡ್ಡ ಅಪಾಯವೆಂದರೆ ಮನೆಯಲ್ಲಿ ಉಳಿದ ಹಳೇ ಪಟ್ಟಿ. ಹೆಸರು ಬೇರೆ, ಬಣ್ಣ ಬೇರೆ; ಓದಲು ಬಾರದವರು ಎರಡೂ ಬೇರೆ ಬೇರೆ ಔಷಧವೆಂದು ತಿಳಿದು ಒಟ್ಟಿಗೆ ನುಂಗುತ್ತಾರೆ. ಹೊಸದು ಮನೆಗೆ ಬಂದ ದಿನ ಹಳೆಯದು ಕಪಾಟಿನಲ್ಲಿ ಇರಬಾರದು.

ಹಾಗೆಯೇ ಎಲ್ಲ ಕಾಯಿಲೆಗೂ ಇದೇ ಧೈರ್ಯ ಸಲ್ಲದು. ಥೈರಾಯ್ಡಿನ ಥೈರಾಕ್ಸಿನ್, ರಕ್ತ ತಿಳಿಯಾಗಿಸುವ ವಾರ್ಫರಿನ್, ಮೂರ್ಛೆರೋಗದ ಫೆನಿಟಾಯಿನ್ ಇಂಥವುಗಳಲ್ಲಿ ರಕ್ತದಲ್ಲಿನ ಪ್ರಮಾಣ ಕೊಂಚ ಹೆಚ್ಚುಕಡಿಮೆಯಾದರೂ ತೊಂದರೆ. ಅಲ್ಲಿ ಬ್ರ್ಯಾಂಡೋ ಜನರಿಕ್ಕೋ, ಒಂದನ್ನು ಹಿಡಿದರೆ ಅದಕ್ಕೇ ಅಂಟಿಕೊಳ್ಳಬೇಕು. ಬದಲಾಯಿಸಲೇಬೇಕಾದರೆ ಡಾಕ್ಟರರಿಗೆ ತಿಳಿಸಿ, ರಕ್ತ ಪರೀಕ್ಷೆ ಇಟ್ಟುಕೊಂಡೇ ಬದಲಾಯಿಸಬೇಕು. ಮಾತ್ರೆ ದೇಹದಲ್ಲಿ ಸಮನಾಗಿ ಕರಗಿ ರಕ್ತ ಸೇರುತ್ತದೆ ಎಂಬ ಪರೀಕ್ಷೆಯನ್ನು, ಸುಲಭವಾಗಿ ಕರಗದ ಔಷಧಗಳಿಗೆ ಲೈಸೆನ್ಸ್ ಕೇಳುವವರಿಗೆ ಕಡ್ಡಾಯ ಮಾಡಿದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಲೈಸೆನ್ಸಿನ ಮಾತ್ರೆಗಳು ಬ್ರ್ಯಾಂಡಿನಲ್ಲೂ ಇವೆ, ಜನರಿಕ್‌ನಲ್ಲೂ ಇವೆ. ಸರಕಾರವನ್ನು ಹಿಡಿದು ಕೇಳಬೇಕಾದ ಪ್ರಶ್ನೆ ಇದು. ನಾವು ಕೇಳುವುದು ಮಾತ್ರ ಡಬ್ಬಿಯ ಬಣ್ಣವನ್ನು.

ಇನ್ನೊಂದು ಮೋಸದ ಬಗ್ಗೆ ಹೇಳದೆ ಹೋದರೆ ಈ ಬರಹ ಅರ್ಧವಾಗುತ್ತದೆ. ಒಮ್ಮೆ ಜನೌಷಧಿ ಕೇಂದ್ರದಲ್ಲಿ ಟೆಲ್ಮಿಸಾರ್ಟನ್ ಇರಲಿಲ್ಲ. ಹೀಗಾಗುವುದುಂಟು, ಈ ಕೇಂದ್ರಗಳ ದೊಡ್ಡ ದೋಷವೇ ಇದು, ಅದಕ್ಕಾಗಿ ಮಾತ್ರೆ ಮುಗಿಯುವ ಹತ್ತು ದಿನ ಮೊದಲೇ ಹೋಗಬೇಕು. ನಾನು ಹತ್ತಿರದ ಬೇರೊಂದು ಮೆಡಿಕಲ್ ಅಂಗಡಿಗೆ ಹೋಗಿ ಜನರಿಕ್ ಕೊಡಿ ಎಂದೆ. ಹತ್ತರ ಪಟ್ಟಿ ಕೊಟ್ಟರು, ಮೇಲೆ 72 ರೂಪಾಯಿ ಮುದ್ರಿಸಿತ್ತು. "ನಿಮಗೆ ಐವತ್ತಕ್ಕೆ ಕೊಡ್ತೀನಿ ಸರ್" ಎಂದರು. ನಿಮಗೆಷ್ಟಕ್ಕೆ ಬಂತು ಎಂದರೆ ನಕ್ಕರು. ಪ್ರಚಾರದ ಖರ್ಚಿಲ್ಲದ ಅದೇ ಅಗ್ಗದ ಮಾತ್ರೆಯ ಮೇಲೆ ಬ್ರ್ಯಾಂಡಿನಷ್ಟೇ ಬೆಲೆ ಮುದ್ರಿಸಿ, ನಡುವಿನ ಹಣವನ್ನು ಅಂಗಡಿಗೆ ಬಿಡುವ ವ್ಯಾಪಾರ ಇದು. ಜನರಿಕ್ ಎಂಬ ಮಾತು ಕೇಳಿ ಮರುಳಾಗಬೇಡಿ. ಹನ್ನೆರಡರ ಪಟ್ಟಿ ಐವತ್ತಕ್ಕೆ ಬಂದರೆ ಅದು ರಿಯಾಯಿತಿಯಲ್ಲ.

ಹನ್ನೆರಡಕ್ಕಿಂತಲೂ ಅಗ್ಗದ್ದು ಸರಕಾರಿ ಆಸ್ಪತ್ರೆಯಲ್ಲಿದೆ. ಅಲ್ಲಿ ಸಕ್ಕರೆ, ಬಿ.ಪಿ. ಕಾಯಿಲೆಯವರಿಗಾಗಿ ಬೇರೆ ಕ್ಲಿನಿಕ್ಕೇ ಇದೆ, ಮೆಟ್‌ಫಾರ್ಮಿನ್ನಿನಂಥ ಮಾತ್ರೆಗಳು ಪುಕ್ಕಟೆ. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರ, ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿ ಸಿಗುವಾಗ ಅದರ ಅಂಗಳದಲ್ಲಿ ಜನೌಷಧಿ ಅಂಗಡಿ ಏಕೆ ಎಂದು ಅವುಗಳನ್ನು ತೆರವು ಮಾಡಲು ಆದೇಶಿಸಿತು. ಕೇಂದ್ರ ನಡೆಸುವವರು ಹೈಕೋರ್ಟಿನ ಮೆಟ್ಟಿಲೇರಿದರು. ದಿಲ್ಲಿಯ ಪಕ್ಷ, ಬೆಂಗಳೂರಿನ ಪಕ್ಷ ಪರಸ್ಪರ ಬೈದಾಡಿಕೊಂಡವು. ಅಂಗಡಿಯ ಬೋರ್ಡಿನ ಮೇಲೆ ಯಾರ ಫೋಟೋ ಇದೆ ಎಂಬುದು ಅವರಿಗೆ ದೊಡ್ಡ ಸಂಗತಿಯಿರಬಹುದು. ಈ ಯೋಜನೆ ಶುರುವಾದದ್ದೇ 2008ರಲ್ಲಿ, ಅಂದು ಆಳುತ್ತಿದ್ದವರು ಬೇರೆ. ಹೆಸರು ಬದಲಾಗಿದೆ, ಅಷ್ಟೆ. ನಮ್ಮಲ್ಲೂ ಕೆಲವರು ಆ ಫೋಟೋ ನೋಡಿ ಒಳಗೆ ಕಾಲಿಡದೆ, ಎದುರಿನ ಅಂಗಡಿಯಲ್ಲಿ ನೂರಹತ್ತು ಕೊಟ್ಟು ಬರುವುದನ್ನು ಕಂಡಿದ್ದೇನೆ. ಇಂಥ ಪ್ರತಿಭಟನೆಯಿಂದ ಫೋಟೋದಲ್ಲಿರುವವರಿಗೆ ಏನೂ ಆಗುವುದಿಲ್ಲ. ಉಚಿತ ಮಾತ್ರೆಯ ವಿಚಾರದಲ್ಲಿ ರಾಜ್ಯದವರಿಗೂ ಒಂದು ಮಾತು: ಆಸ್ಪತ್ರೆಯ ಕಿಟಕಿಯಲ್ಲಿ "ಈ ವಾರ ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಎಂದು ಖಾಲಾಗೆ ಹೇಳಿದ ದಿನ, ಆ 'ಹೊರಗೆ' ಎಂಬುದು ಹನ್ನೆರಡು ರೂಪಾಯಿಯದ್ದೋ ನೂರಹತ್ತರದ್ದೋ ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ನಮ್ಮ ಮೊಹಲ್ಲಾದಲ್ಲಿ ರಂಜಾನಿನಲ್ಲಿ ಝಕಾತಿನ ಹಣದಿಂದ ಕೆಲವು ಬಡ ರೋಗಿಗಳಿಗೆ ಔಷಧ ಕೊಡಿಸುವ ಪದ್ಧತಿ ಇದೆ. ಒಳ್ಳೆಯದೇ. ಆದರೆ ಚೀಟಿಯಲ್ಲಿ ಬರೆದದ್ದನ್ನು ಬರೆದಂತೆಯೇ ತಂದುಕೊಡುತ್ತಾರೆ. ಖಾಲಾನ ಬಿಲ್ಲಿನ ಲೆಕ್ಕದಲ್ಲೇ ಹೇಳುವುದಾದರೆ, ಒಬ್ಬರಿಗೆ ಖರ್ಚಾಗುವ ಹಣದಲ್ಲಿ ಮೂವರಿಗೆ ಮಾತ್ರೆ ಬರುತ್ತದೆ, ನೂರು ರೂಪಾಯಿಗಿಂತ ಹೆಚ್ಚು ಉಳಿಯುತ್ತದೆ. ಇದನ್ನು ಕಮಿಟಿಯವರಿಗೆ ಹೇಳಿದಾಗ, "ದಾನ ಕೊಡುವಾಗ ಒಳ್ಳೇದನ್ನೇ ಕೊಡಬೇಕಲ್ವಾ?" ಎಂದರು. ಉಳಿದಿಬ್ಬರು ಯಾವ ಮಾತ್ರೆಯೂ ಇಲ್ಲದೆ ಕೂತಿರುವುದು ಅವರ ಕಣ್ಣಿಗೆ ಕಾಣಲಿಲ್ಲ.

ಖಾಲಾ ಈಗ ಎರಡೂ ಹೊತ್ತು ಮಾತ್ರೆ ತಗೊಳ್ಳುತ್ತಿದ್ದಾರೆ. ಕಳೆದ ವಾರ ಹೋದಾಗ ಕಪಾಟಿನಲ್ಲಿ ಹಳೇ ಬ್ರ್ಯಾಂಡಿನ ಬಣ್ಣದ ಡಬ್ಬಿ ಕಂಡು ನನ್ನ ಎದೆ ಧಸಕ್ಕೆಂದಿತು. ಮತ್ತೆ ಎರಡೂ ಒಟ್ಟಿಗೆ ನುಂಗುತ್ತಿದ್ದಾರೋ ಎಂದು ತೆಗೆದು ನೋಡಿದೆ. ಒಳಗಿದ್ದದ್ದು ಜನೌಷಧಿಯ ಪಟ್ಟಿಗಳೇ. "ಮನೆಗೆ ನಾಲ್ಕು ಜನ ಬಂದು ಹೋಗ್ತಾರೆ ಬೇಟಾ" ಎಂದು ಖಾಲಾ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಬಣ್ಣದ ಬದಿ ಮುಂದೆ ಕಾಣುವಂತೆ ಮತ್ತೆ ಕಪಾಟಿನಲ್ಲಿಟ್ಟರು.